ಭಾಗಶಃ ಐಸ್ ಸ್ಟೋರೇಜ್: ಚಿಲ್ಲರ್ ಮತ್ತು ಟ್ಯಾಂಕ್ ಅಳತೆ ನಾವು ಹಾಕಿದ್ದು ಹೀಗೆ

ಬಳ್ಳಾರಿಯ ಒಂದು ದೊಡ್ಡ ಬಟ್ಟೆ ಮಳಿಗೆ. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಎ.ಸಿ. ಬೇಕು. ಕರೆಂಟ್ ಬಿಲ್‌ನ ಬೇಡಿಕೆ ಶುಲ್ಕ ಇಳಿಸುವುದು ಗುರಿ. ಮೇ ತಿಂಗಳ ಅತಿ ಬಿಸಿಯ ದಿನದ ಲೋಡ್ ಗಂಟೆಗಂಟೆಗೆ ಹೀಗಿತ್ತು: 70, 120, 150, 175, 190, 200, 200, 185, 165, 125 ಟನ್. ಇಲ್ಲಿ ಟನ್ ಅಂದರೆ ತೂಕವಲ್ಲ, ತಂಪು ಕೊಡುವ ಶಕ್ತಿಯ ಅಳತೆ; ಒಂದು ಟನ್ ಒಂದು ಗಂಟೆ ಕೊಟ್ಟರೆ ಒಂದು ಟನ್-ಅವರ್. ಒಟ್ಟು 1580 ಟನ್-ಅವರ್. ಅಳತೆ ಶುರುವಾಗುವುದು ಈ ಹತ್ತು ಸಂಖ್ಯೆಗಳಿಂದ. ಬರೀ 200 ಟನ್ ಪೀಕ್ ಗೊತ್ತಿದ್ದರೆ ಐಸ್ ಎಷ್ಟು ಬೇಕೆಂದು ಹೇಳಲು ಬರುವುದಿಲ್ಲ.

ಭಾಗಶಃ ಸ್ಟೋರೇಜ್ ಅಂದರೆ ಸಣ್ಣ ಚಿಲ್ಲರ್ ಹಗಲೂ ಓಡುತ್ತದೆ, ರಾತ್ರಿ 10ರಿಂದ 6ರವರೆಗೆ ಐಸ್ ಕಟ್ಟುತ್ತದೆ. ಮಧ್ಯಾಹ್ನ ಚಿಲ್ಲರ್‌ಗೆ ಮೀರಿದ ಲೋಡ್ ಅನ್ನು ಐಸ್ ಹೊರುತ್ತದೆ. ಐಸ್ ಕಟ್ಟಲು, ಕೊಳವೆಗಳಲ್ಲಿ ಹೆಪ್ಪುಗಟ್ಟದೆ ಹರಿಯುವ ದ್ರವವಾದ ಗ್ಲೈಕಾಲ್ ಮೈನಸ್ 5–6 ಡಿಗ್ರಿಗೆ ಇಳಿಯಬೇಕು, ಆಗ ಚಿಲ್ಲರ್‌ನ ಶಕ್ತಿ ತಗ್ಗುತ್ತದೆ. ಈ ಲೆಕ್ಕಕ್ಕೆ ಹಗಲಿನ ಶಕ್ತಿಯ 0.68 ಪಾಲು ಹಿಡಿದೆವು. ಈ ಸಂಖ್ಯೆಯನ್ನು ಊಹೆಗೆ ಬಿಡಬೇಡಿ. ನಿಮ್ಮೂರಿನ ಬೇಸಿಗೆ ರಾತ್ರಿಯ ವೆಟ್ ಬಲ್ಬ್, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನ ಕೊಟ್ಟು, ಆ ತಾಪಮಾನದಲ್ಲಿ ಎಷ್ಟು ಟನ್ ಬರುತ್ತದೆಂದು ತಯಾರಕರಿಂದ ಬರಹದಲ್ಲೇ ಪಡೆಯಿರಿ.

ಎಲ್ಲರೂ ಬಳಸುವ ಸೂತ್ರದಲ್ಲಿ ಒಟ್ಟು ಲೋಡನ್ನು ಹಗಲಿನ 10 ಗಂಟೆ ಮತ್ತು ರಾತ್ರಿಯ 8 × 0.68 ಇವುಗಳ ಮೊತ್ತದಿಂದ ಭಾಗಿಸುತ್ತಾರೆ:

```
1580 / (10 + 5.44) = 102.3
```

ಇಲ್ಲೊಂದು ತಪ್ಪು ಅಡಗಿದೆ. ಮೊದಲ ಗಂಟೆಯಲ್ಲಿ ಲೋಡ್ ಬರೀ 70 ಟನ್. ಆ ಗಂಟೆಯಲ್ಲಿ ಚಿಲ್ಲರ್ 102 ಟನ್ ಕೊಡಲು ಸಿದ್ಧವಿದ್ದರೂ ತೆಗೆದುಕೊಳ್ಳುವವರಿಲ್ಲ, ಆದರೂ ಸೂತ್ರ ಅದನ್ನು ಪೂರ್ತಿ ಎಣಿಸುತ್ತದೆ. ಲೋಡ್ ಚಿಲ್ಲರ್‌ಗಿಂತ ಕಡಿಮೆ ಇರುವ ಗಂಟೆಯನ್ನು ಬೇರೆ ತೆಗೆದು ಮತ್ತೆ ಲೆಕ್ಕ ಹಾಕಬೇಕು:

```
(1580 - 70) / (9 + 5.44) = 104.6
```

ಐಸ್ 104.6 × 5.44, ಅಂದರೆ 569 ಟನ್-ಅವರ್. ಬಾಕಿ ಒಂಬತ್ತು ಗಂಟೆಗಳಲ್ಲಿ ಲೋಡ್‌ನಿಂದ 104.6 ಕಳೆದು ಕೂಡಿಸಿದರೂ ಅದೇ 569 ಬರಬೇಕು. ಬಾರದಿದ್ದರೆ ಎಲ್ಲೋ ಎಡವಿದ್ದೀರಿ. ಶಾಖ ಸೋರಿಕೆಗೆ ಸ್ವಲ್ಪ ಸೇರಿಸಿ 110 ಟನ್ ಚಿಲ್ಲರ್, 600 ಟನ್-ಅವರ್ ಟ್ಯಾಂಕ್ ಎಂದು ನಿಗದಿ ಮಾಡಿದೆವು. ಒಂದು ಟನ್-ಅವರ್‌ಗೆ ಸುಮಾರು 38 ಕೆ.ಜಿ. ಐಸ್. ಹಾಗಾಗಿ ಐಸ್ ಒಂದೇ 23 ಟನ್ ತೂಗುತ್ತದೆ. ಟ್ಯಾಂಕನ್ನು ತಾರಸಿಯ ಮೇಲೆ ಇಡುವ ಯೋಚನೆ ಇದ್ದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಮಾತಾಡಿ.

ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ನಿಜವಾದ ಪರೀಕ್ಷೆ ಇನ್ನು ಮೇಲಿದೆ. ಸಂಜೆ 6 ಗಂಟೆಗೆ ಬನ್ನಿ: ಅಷ್ಟರಲ್ಲಿ 488 ಟನ್-ಅವರ್ ಕರಗಿದೆ, ಉಳಿದದ್ದು ಸುಮಾರು 112. ಮುಂದಿನ ಗಂಟೆಗೆ ಐಸ್‌ನಿಂದ ಇನ್ನೂ 60 ಟನ್ ಬೇಕು. ಲೆಕ್ಕದಲ್ಲಿ ಸಾಕಷ್ಟಿದೆ. ಆದರೆ ಐಸ್ ಕಡಿಮೆಯಾದಂತೆ ಗ್ಲೈಕಾಲ್‌ಗೆ ತಾಗುವ ಮೇಲ್ಮೈ ಕುಗ್ಗಿ, ಟ್ಯಾಂಕಿನಿಂದ ಹೊರಬರುವ ಗ್ಲೈಕಾಲ್ ಬಿಸಿಯಾಗುತ್ತಾ ಹೋಗುತ್ತದೆ. ಆದ್ದರಿಂದ ಟ್ಯಾಂಕ್ ತಯಾರಕರನ್ನು ಕೇಳಬೇಕಾದ ಪ್ರಶ್ನೆ ‘600 ಟನ್-ಅವರ್ ಇದೆಯೇ?’ ಎಂಬುದಲ್ಲ. ‘81 ಶೇಕಡಾ ಕರಗಿದ ಮೇಲೆ 60 ಟನ್ ತೆಗೆದರೆ ಹೊರಬರುವ ತಾಪಮಾನ ಎಷ್ಟು?’ ಎಂದು ಕೇಳಿ. ನಿಮ್ಮ ಏರ್ ಹ್ಯಾಂಡ್ಲರ್‌ಗೆ ಬೇಕಾದಷ್ಟು ತಣ್ಣಗೆ ಬಾರದಿದ್ದರೆ ಇನ್ನೊಂದು ಟ್ಯಾಂಕ್ ಸೇರಿಸಲೇಬೇಕು.

ಓಡಿಸುವಾಗ ಚಿಲ್ಲರ್‌ಗೆ ಮೊದಲ ಸ್ಥಾನ, ಐಸ್ ಅದರ ಮೇಲಿನ ಹೊರೆಗೆ. ಬೆಳಿಗ್ಗೆಯೇ ಐಸ್ ಕರಗಿಸಿದರೆ ಸಂಜೆ ಹೊತ್ತಿಗೆ ಟ್ಯಾಂಕ್ ಖಾಲಿ. ಮಧ್ಯಾಹ್ನ 3ರ ಹೊತ್ತಿಗೇ ಟ್ಯಾಂಕ್ ಔಟ್‌ಲೆಟ್ ತಾಪಮಾನ ಏರತೊಡಗಿದರೆ ಅದೇ ಸುಳಿವು. ಆಗ ಗಾಬರಿಯಿಂದ, ಮೊದಲಿದ್ದ 200 ಟನ್ ಪ್ಲಾಂಟಿನ ಹಳೆಯ ಚಿಲ್ಲರ್ ಆನ್ ಮಾಡಬೇಡಿ. ಮೀಟರ್ 15 ನಿಮಿಷದ ಸರಾಸರಿಯನ್ನು ಹಿಡಿಯುತ್ತದೆ, ಒಂದು ಕಾಲು ಗಂಟೆ ಸಾಕು ಇಡೀ ತಿಂಗಳ ಗರಿಷ್ಠ ಬೇಡಿಕೆ ಏರಲು. ಅಂಗಡಿಯೊಳಗೆ ಒಂದೆರಡು ಡಿಗ್ರಿ ಏರಲು ಬಿಡುವುದೇ ಮೇಲು.

ರಾತ್ರಿ ಒಂದು ಗಂಟೆ ಕರೆಂಟ್ ಹೋದರೆ 75 ಟನ್-ಅವರ್ ಐಸ್ ಕೈತಪ್ಪುತ್ತದೆ. ಅದನ್ನು ತುಂಬಲು ಬೆಳಿಗ್ಗೆ 6ರಿಂದ 10ರ ನಡುವೆ ಚಿಲ್ಲರ್ ಓಡಿಸಬಹುದು. ಆ ಹೊತ್ತಿನ ಯೂನಿಟ್ ದರ ಎಷ್ಟೆಂದು ಬಿಲ್‌ನಲ್ಲಿ ನೋಡಿಕೊಳ್ಳಿ.

ಮೊದಲಿನ 200 ಟನ್ ಪ್ಲಾಂಟ್ ಪಂಪು-ಟವರ್ ಸೇರಿ ಸುಮಾರು 190 ಕಿಲೋವ್ಯಾಟ್ ಎಳೆಯುತ್ತಿತ್ತು. ಹೊಸ ವ್ಯವಸ್ಥೆ 110ರ ಆಸುಪಾಸು. ಪವರ್ ಫ್ಯಾಕ್ಟರ್ 0.95 ಹಿಡಿದರೆ 84 ಕೆ.ವಿ.ಎ. ಇಳಿಕೆ. ಯೂನಿಟ್ ಮಾತ್ರ ಕಡಿಮೆಯಾಗುವುದಿಲ್ಲ, ಐಸ್ ಕಟ್ಟುವಾಗ ಟನ್‌ಗೆ ಹೆಚ್ಚು ಕರೆಂಟ್ ಬೇಕು. ಬೇಡಿಕೆ ಶುಲ್ಕ, ವಿದ್ಯುತ್ ಕಂಪನಿಯೊಂದಿಗೆ ಒಪ್ಪಿಕೊಂಡ ಕಾಂಟ್ರಾಕ್ಟ್ ಡಿಮ್ಯಾಂಡ್‌ನ ಒಂದು ಕನಿಷ್ಠ ಪಾಲಿಗಿಂತ ಕೆಳಗೆ ಇಳಿಯುವುದಿಲ್ಲ. ಆದ್ದರಿಂದ ಒಂದು ಬೇಸಿಗೆಯ ರೆಕಾರ್ಡ್ ಕೈಗೆ ಬಂದ ಮೇಲೆ ಜೆಸ್ಕಾಂಗೆ ಅರ್ಜಿ ಹಾಕಿ ಕಾಂಟ್ರಾಕ್ಟ್ ಡಿಮ್ಯಾಂಡನ್ನೂ ಇಳಿಸಿಕೊಳ್ಳಬೇಕು.