ಅರಬಿಯಲ್ಲಿ ‘ಇಲ್ಲ’ ಅನ್ನುವುದು ಹೇಗೆ? ಲಮ್ ಬಂದಾಗ ಎಡವದಿರಿ

ಹೊಸದಾಗಿ ಅರಬಿ ಕಲಿಯುವವರ ನೋಟ್‌ಬುಕ್ ತೆರೆದರೆ ಒಂದು ತಪ್ಪು ಸಿಕ್ಕೇ ಸಿಗುತ್ತದೆ: ‘ಲಮ್ ಕತಬ’. ಕತಬ ಅಂದರೆ ಬರೆದನು, ಲಮ್ ಅಂದರೆ ಇಲ್ಲ, ಎರಡನ್ನೂ ಜೋಡಿಸಿದರೆ ‘ಬರೆಯಲಿಲ್ಲ’ ಆಯ್ತಲ್ವಾ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಲಾ, ಮಾ, ಲಮ್, ಲನ್ ಈ ನಾಲ್ಕೂ ಸುಮ್ನೆ ಬಂದು ಕೂರುವ ಪದಗಳಲ್ಲ. ತಮ್ಮ ಮುಂದಿನ ಕ್ರಿಯಾಪದ ಯಾವ ರೂಪದಲ್ಲಿರಬೇಕು ಅನ್ನುವುದನ್ನೂ ಅವೇ ತೀರ್ಮಾನಿಸುತ್ತವೆ.

ಹೆಜ್ಜೆ 1: ಸುಲಭದ ಎರಡನ್ನು ಮುಗಿಸಿ. ಈಗಿನ ಮಾತಿಗೆ ಲಾ. ಯಕ್ತುಬು (ಬರೆಯುತ್ತಾನೆ) ಹಾಗೇ ಉಳಿಯುತ್ತದೆ: ಲಾ ಯಕ್ತುಬು, ಬರೆಯುವುದಿಲ್ಲ. ಆಗಿಹೋದ ಮಾತಿಗೆ ಮಾ. ಇಲ್ಲೂ ಕ್ರಿಯಾಪದ ಬದಲಾಗುವುದಿಲ್ಲ: ಮಾ ಕತಬ, ಬರೆಯಲಿಲ್ಲ.

ಹಾಗಾದರೆ ಮಾ ಒಂದೇ ಸಾಕಲ್ಲ, ಲಮ್ ಯಾಕೆ ಅಂತ ಕೇಳುವವರಿದ್ದಾರೆ. ಗಲ್ಫಿನ ಬೀದಿಯಲ್ಲಿ ಮಾತಾಡಲು ನಿಜಕ್ಕೂ ಮಾ ಸಾಕು. ಅಲ್ಲಿನ ಆಡುಮಾತಿನಲ್ಲಿ ಈಗಿನ ಕಾಲಕ್ಕೂ ಮಾ ಬಳಸುತ್ತಾರೆ, ‘ಗೊತ್ತಿಲ್ಲ’ ಅನ್ನಲು ‘ಮಾ ಅದ್ರಿ’ ಅನ್ನುತ್ತಾರೆ. ಆದರೆ ಪತ್ರಿಕೆ, ಅರ್ಜಿ, ಕುರ್‌ಆನ್ ಓದಬೇಕಿದ್ದರೆ ಲಮ್ ಇಲ್ಲದೆ ನಡೆಯದು. ಬರವಣಿಗೆಯಲ್ಲಿ ‘ಮಾ ಕತಬ’ ತಪ್ಪಲ್ಲ, ಆದರೂ ನೀವು ಲಮ್ ಬಳಸಿ.

ಹೆಜ್ಜೆ 2: ಲನ್. ಇದು ಮುಂದೆ ಆಗದ ಮಾತಿಗೆ. ಯಕ್ತುಬು ಪದದ ಕೊನೆಯ ಉಕಾರ ಅಕಾರವಾಗುತ್ತದೆ: ಲನ್ ಯಕ್ತುಬ, ಬರೆಯಲಾರ. ಭವಿಷ್ಯ ಸೂಚಿಸುವ ‘ಸ’ವನ್ನು (ಸಯಕ್ತುಬು) ಇದರ ಜೊತೆ ಸೇರಿಸಬೇಡಿ, ಲನ್ ಒಳಗೇ ಭವಿಷ್ಯವಿದೆ.

ಹೆಜ್ಜೆ 3: ಲಮ್. ಇಲ್ಲಿ ನಿಧಾನ. ಅರ್ಥ ಆಗಿಹೋದ ಕಾಲದ್ದು, ಆದರೆ ರೂಪ ಯಕ್ತುಬುವಿನದ್ದು, ಅದೂ ಕೊನೆಯ ಸ್ವರ ಕತ್ತರಿಸಿದ್ದು: ಲಮ್ ಯಕ್ತುಬ್. ಕನ್ನಡದವರಿಗೆ ಇದು ವಿಚಿತ್ರ ಅನಿಸಬಾರದು. ನಾವೂ ‘ಬರೆದನು ಇಲ್ಲ’ ಅನ್ನುವುದಿಲ್ಲ. ‘ಬರೆಯಲಿಲ್ಲ’ ಅನ್ನುತ್ತೇವೆ, ಅದರಲ್ಲಿ ‘ಬರೆದ’ ಎಲ್ಲೂ ಇಲ್ಲ.

ಎಡವಟ್ಟಾಗುವುದು ನಡುವೆ ದೀರ್ಘವಿರುವ ಕ್ರಿಯಾಪದಗಳಲ್ಲಿ. ಯಕೂಲು ಅಂದರೆ ಹೇಳುತ್ತಾನೆ. ಕೊನೆಯ ಉಕಾರ ತೆಗೆದರೆ ‘ಯಕೂಲ್’ ಉಳಿಯಬೇಕಿತ್ತು. ಆದರೆ ದೀರ್ಘದ ಬೆನ್ನಿಗೇ ಸ್ವರವಿಲ್ಲದ ವ್ಯಂಜನ ಬರುವುದನ್ನು ಅರಬಿ ಇಲ್ಲಿ ಒಪ್ಪುವುದಿಲ್ಲ. ದೀರ್ಘ ಹ್ರಸ್ವವಾಗುತ್ತದೆ: ಲಮ್ ಯಕುಲ್. ಬರೆಯುವಾಗ ನಡುವಿನ ‘ವಾವ್’ ಅಕ್ಷರವೇ ಹಾರಿಹೋಗುತ್ತದೆ. ಲನ್ ಬಂದರೆ ಈ ತೊಂದರೆಯಿಲ್ಲ, ಕೊನೆಯಲ್ಲಿ ಅಕಾರವಿದೆಯಲ್ಲ: ಲನ್ ಯಕೂಲ.

ಇದಕ್ಕೆ ಒಳ್ಳೆಯ ಉದಾಹರಣೆ ಕುರ್‌ಆನಿನ 112ನೇ ಅಧ್ಯಾಯ ಇಖ್ಲಾಸ್‌ನಲ್ಲಿದೆ. ‘ಲಮ್ ಯಲಿದ್ ವ ಲಮ್ ಯೂಲದ್’, ಅವನು ಹೆರಲಿಲ್ಲ, ಹುಟ್ಟಲೂ ಇಲ್ಲ. ಮುಂದಿನ ವಾಕ್ಯ ಶುರುವಾಗುವುದು ‘ವ ಲಮ್ ಯಕುನ್’ ಎಂದು. ಯಕೂನು ಪದದ ದೀರ್ಘ ಇಲ್ಲಿ ಹೋಗಿದೆ, ಆದರೆ ಯೂಲದ್ ಪದದ ‘ಯೂ’ ಗಟ್ಟಿಯಾಗಿ ನಿಂತಿದೆ. ಯಾಕೆ? ಯೂಲದ್‌ನಲ್ಲಿ ದೀರ್ಘದ ನಂತರ ಸ್ವರವಿರುವ ‘ಲ’ ಇದೆ, ಸ್ವರ ಕಳೆದುಕೊಂಡದ್ದು ಆಮೇಲಿನ ‘ದ್’. ಯಕೂನ್ ಆದರೆ ದೀರ್ಘದ ಪಕ್ಕದಲ್ಲೇ ‘ನ್’. ಈ ಎರಡು ಪದ ಅರ್ಥವಾದರೆ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ.

ಕೊನೆಯಲ್ಲೇ ದೀರ್ಘವಿದ್ದರೆ ಅದು ಮೊಟಕಾಗುತ್ತದೆ. ಯಮ್‌ಶೀ (ನಡೆಯುತ್ತಾನೆ) ಲಮ್ ಯಮ್‌ಶಿ ಆಗುತ್ತದೆ. ಬಹುವಚನದ ಯಕ್ತುಬೂನ ಪದದಲ್ಲಿ ‘ನ’ ಬೀಳುತ್ತದೆ: ಲಮ್ ಯಕ್ತುಬೂ. ಲನ್ ಜೊತೆಗೂ ಅದೇ, ಲನ್ ಯಕ್ತುಬೂ.

ಒಂದು ಎಚ್ಚರಿಕೆ. ‘ದಿಢೀರ್ ಅರಬಿ’ ಮಾದರಿಯ ಪುಸ್ತಕಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ yaqul ಅಂತ ಹಾಕಿ ಹ್ರಸ್ವ-ದೀರ್ಘ ಎರಡನ್ನೂ ಒಂದೇ ಮಾಡಿರುತ್ತಾರೆ. ಅಂಥದ್ದನ್ನು ಕೊಳ್ಳಲೇಬೇಡಿ. ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ‘ಕೂ’ ಮತ್ತು ‘ಕು’ ಬೇರೆಯಾಗಿ ಕಾಣುತ್ತವೆ.

ಹೆಜ್ಜೆ 4: ಪರೀಕ್ಷಿಸಿ. ಯಕ್ತುಬು ಇಟ್ಟುಕೊಂಡು ಅಭ್ಯಾಸ ಮಾಡಿದರೆ ತಪ್ಪು ಗೊತ್ತೇ ಆಗುವುದಿಲ್ಲ. ಸ್ವರಚಿಹ್ನೆ ಇಲ್ಲದ ಪತ್ರಿಕೆಯಲ್ಲಿ ಯಕ್ತುಬು, ಯಕ್ತುಬ, ಯಕ್ತುಬ್ ಮೂರೂ ಒಂದೇ ಥರ ಕಾಣುತ್ತವೆ. ಮಾತಿನಲ್ಲಿ ವಾಕ್ಯದ ಕೊನೆಗೆ ನಿಲ್ಲಿಸಿದರೂ ಮೂರೂ ಯಕ್ತುಬ್ ಅಂತಲೇ ಕೇಳುತ್ತವೆ. ಯಕೂಲು ತಗೊಳ್ಳಿ. ‘ಲಮ್ ಯಕೂಲ್’ ಅಂದರೆ ತಪ್ಪು ಕಿವಿಗೂ ಬೀಳುತ್ತದೆ, ಕಣ್ಣಿಗೂ ಬೀಳುತ್ತದೆ.

ಲಾ ಬಗ್ಗೆ ಒಂದು ಮಾತು ಉಳಿಯಿತು. ‘ಬೇಡ’ ಎಂದು ತಡೆಯುವಾಗ ಅದೂ ಲಮ್‌ನಂತೆಯೇ ಕತ್ತರಿಸುತ್ತದೆ. ‘ಲಾ ತಕೂಲು’ ಅಂದರೆ ನೀನು ಹೇಳುವುದಿಲ್ಲ. ‘ಲಾ ತಕುಲ್’ ಅಂದರೆ ಹೇಳಬೇಡ.