ಮೀಟದ ತಂತಿಯನ್ನು ಕೇಳಿ ವೀಣೆ ಶ್ರುತಿ ಮಾಡುವುದು: ನನ್ನ ಅನುಭವ

ವೀಣೆಯ ಶ್ರುತಿ ಸರಿಯಾಗಿದೆಯೇ ಎಂದು ಕೊನೆಯಲ್ಲಿ ನಾನು ನೋಡುವುದು ಮೀಟದ ತಂತಿಗಳಲ್ಲಿ. ಮೆಟ್ಟಿಲು ಒತ್ತದೆ ಷಡ್ಜದ ಮುಖ್ಯ ತಂತಿಯಾದ ಸಾರಣಿಯನ್ನು ಮೀಟಿ, ಒಂದೆರಡು ಸೆಕೆಂಡ್ ಬಿಟ್ಟು ಬೆರಳಿಟ್ಟು ನಿಲ್ಲಿಸುತ್ತೇನೆ. ಆಮೇಲೆ ಉಳಿಯುವ ನಾದ ಬಹುಪಾಲು ಬೇರೆ ತಂತಿಗಳದ್ದು.

ಸಾರಣಿ ತನ್ನನ್ನು ಹೊತ್ತ ಕುದುರೆಯನ್ನು ಅಲುಗಿಸುತ್ತದೆ, ಕುದುರೆ ಎಲ್ಲ ತಂತಿಗಳನ್ನೂ ಅಲುಗಿಸುತ್ತದೆ. ಆದರೆ ಮೀಟಿದ ತಂತಿಯ ಮೂಲಸ್ವರ ಅಥವಾ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಎರಡನೇ, ಮೂರನೇ, ನಾಲ್ಕನೇ ಉಪಸ್ವರಗಳಲ್ಲಿ ಒಂದು ತನ್ನ ಮೂಲಸ್ವರಕ್ಕೋ ಉಪಸ್ವರಕ್ಕೋ ಸರಿಹೊಂದಿದ ತಂತಿ ಮಾತ್ರ ಎದ್ದು ನುಡಿಯುತ್ತದೆ. ಎರಡೂ ತಂತಿಗಳ ಮೂಲಸ್ವರ ಒಂದೇ ಇರಬೇಕೆಂದಿಲ್ಲ.

ಇದನ್ನು ಕಣ್ಣಿಂದಲೇ ನೋಡಬಹುದು. ಸಾರಣಿ 164.8 ಹರ್ಟ್ಜ್‌ನಲ್ಲಿದ್ದರೆ ಮಂದ್ರ ಷಡ್ಜದ ತಂತಿ 82.4. ತೆಳು ಕಾಗದದ ಸಣ್ಣ ಚೂರುಗಳನ್ನು ಮಡಚಿ ಮಂದ್ರದ ಮೇಲೆ ಎರಡು ಕಡೆ ಕೂರಿಸಿ: ಒಂದು ಹನ್ನೆರಡನೇ ಮೆಟ್ಟಿಲ ನೇರಕ್ಕೆ, ಇನ್ನೊಂದು ಐದನೆಯದರ ನೇರಕ್ಕೆ. ಸಾರಣಿ ಮೀಟಿದಾಗ ಐದನೆಯದರ ಚೂರು ಕುಣಿದು ಬೀಳುತ್ತದೆ, ಹನ್ನೆರಡನೆಯದು ಕೂತಲ್ಲೇ ಇರುತ್ತದೆ. ಮಂದ್ರ ಇಲ್ಲಿ ತನ್ನ ಎರಡನೇ ಉಪಸ್ವರದಲ್ಲಿ, ಎರಡು ಭಾಗವಾಗಿ ಕಂಪಿಸುತ್ತದೆ; ನಟ್ಟನಡುವೆ ಚಲನೆಯಿಲ್ಲ. ಎರಡೂ ಅಲ್ಲಾಡದಿದ್ದರೆ ಶ್ರುತಿ ಸೇರಿಲ್ಲ. ಹೊಂದಾಣಿಕೆಯ ಅವಕಾಶ ಬಹಳ ಕಿರಿದು, ಅರ್ಧ ಹರ್ಟ್ಜ್ ತಪ್ಪಿದರೂ ನಾದ ಗೊತ್ತಾಗುವಷ್ಟು ಕುಗ್ಗುತ್ತದೆ.

ಪಂಚಮದಲ್ಲಿ ಟ್ಯೂನರ್ ಸಾಲುವುದಿಲ್ಲ. ಸಾರಣಿಯ ಮೂರನೇ ಉಪಸ್ವರ 494.4 ಹರ್ಟ್ಜ್. ಪಂಚಮ ತಂತಿಯನ್ನು ಟ್ಯೂನರ್ ಪ್ರಕಾರ 123.47ಕ್ಕೆ ನಿಲ್ಲಿಸಿದರೆ ಅದರ ನಾಲ್ಕನೆಯದು 493.9ಕ್ಕೆ ಬರುತ್ತದೆ, ಸುಮಾರು ಅರ್ಧ ಹರ್ಟ್ಜ್ ಕಡಿಮೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವ ಟ್ಯೂನರಿನ ಪಂಚಮ ಶುದ್ಧ ಪಂಚಮಕ್ಕಿಂತ ಎರಡು ಸೆಂಟ್, ಅಂದರೆ ಅಂಥ ಒಂದು ಪಾಲಿನ ನೂರರಲ್ಲಿ ಎರಡರಷ್ಟು, ತಗ್ಗು, ಅದಕ್ಕೇ ಈ ವ್ಯತ್ಯಾಸ. ಹಾಗಾಗಿ ಟ್ಯೂನರ್ ತೋರಿಸಿದಲ್ಲಿಗೆ ತಂದು, ಮತ್ತೆ ಕೂದಲೆಳೆಯಷ್ಟು ಏರಿಸುತ್ತ, ಸಾರಣಿ ನಿಲ್ಲಿಸಿದ ಮೇಲೆ ಪಂಚಮದ ನಾದ ಅತಿ ಹೆಚ್ಚು ಹೊತ್ತು ಉಳಿಯುವ ಜಾಗದಲ್ಲಿ ಬಿಡುತ್ತೇನೆ.

ಕೇಳುತ್ತಿರುವುದು ಮೀಟದ ತಂತಿಗಳ ಅನುರಣನವೇ ಎಂದು ಖಚಿತಪಡಿಸಲು ಮೊದಲ ಮೆಟ್ಟಿಲ ಶುದ್ಧ ರಿಷಭವನ್ನು ಮೀಟಿ ನಿಲ್ಲಿಸಿ. ಅದರ ಬಲವಾದ ಉಪಸ್ವರಗಳಿಗೆ ಹೊಂದುವ ತಂತಿ ಇಲ್ಲ, ನಾದ ಬೇಗ ಆರಬೇಕು. ತಂತಿಯನ್ನು ಬಲಗೈಯಿಂದ ತಡೆದ ಮೇಲೆಯೇ ಎಡಗೈ ಎತ್ತಿ, ಇಲ್ಲವಾದರೆ ಸಾರಣಿಯೇ ಮತ್ತೆ ನುಡಿದು ಮೋಸ ಮಾಡುತ್ತದೆ.

ಉಡುಪಿಯ ಆಟಿಯ ಮಳೆಯಲ್ಲಿ ತಂತಿ ಬಿಗಿಸುವ ಬಿರಡೆ ಊದಿ ಬಿಗಿಯುತ್ತದೆ, ಸಣ್ಣ ತಿದ್ದುಪಡಿ ಅದರಲ್ಲಿ ಕಷ್ಟ. ಆಗ ಕುದುರೆಯಾಚೆಯ ಉಂಗುರವನ್ನೇ ಸರಿಸುತ್ತೇನೆ. ಶ್ರುತಿ ಸೇರಿದ್ದರೂ ಮಂದ್ರ ತಟ್ಟನೆ ಆರಿದರೆ ದೋಷ ತಂತಿಯಲ್ಲಿರಬಹುದು. ಬೆವರು, ಕಿಲುಬು ಸುತ್ತುಗಳ ನಡುವೆ ಕೂತರೆ ಕಂಪನ ಬೇಗ ಸಾಯುತ್ತದೆ. ಒಣಬಟ್ಟೆಯಿಂದ ಒರೆಸಿದ ಮೇಲೂ ಹಾಗೇ ಇದ್ದರೆ ಆ ತಂತಿಯನ್ನು ಬದಲಿಸುವುದೇ ಸರಿ.