ಅರವತ್ತು ದಿನ ಯಾವತ್ತಿನಿಂದ? ಕನ್ನಡ ಪುಸ್ತಕ ಒಂದು ಹೇಳಿತು, ಇಂಗ್ಲಿಷ್ ಕಾಯ್ದೆ ಇನ್ನೊಂದು

ತಾಲ್ಲೂಕು ಮಟ್ಟದಲ್ಲಿ ವಕೀಲಿಕೆ ಮಾಡುವವರ ಮೇಜಿನ ಮೇಲೆ ಒಂದು ಕನ್ನಡ ಕಾನೂನು ಪುಸ್ತಕ ಇದ್ದೇ ಇರುತ್ತದೆ. ನನ್ನ ಮೇಜಿನ ಮೇಲೂ ಇತ್ತು. ಕಕ್ಷಿದಾರರಿಗೆ ಓದಿ ಹೇಳಲು ಅನುಕೂಲ. ಅದನ್ನೇ ನಂಬಿ ಕೂತಿದ್ದರೆ 2019ರಲ್ಲಿ ಒಂದು ಅಪೀಲು ಕೈತಪ್ಪಿ ಹೋಗುತ್ತಿತ್ತು.

ಕಕ್ಷಿದಾರರು ಒಬ್ಬ ವಯಸ್ಸಾದ ಹೆಣ್ಣುಮಗಳು. ತಂದೆಯ ಜಮೀನನ್ನು ಅಣ್ಣ ಒಬ್ಬನೇ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದ. ಈಕೆ ತಕರಾರು ಹಾಕಿದ್ದರು. ತಹಶೀಲ್ದಾರರು ತಕರಾರು ತಳ್ಳಿಹಾಕಿ ಜನವರಿ 8ಕ್ಕೆ ಆದೇಶ ಮಾಡಿದರು. ಆದೇಶದ ಪ್ರತಿ ಈಕೆಯ ಕೈಸೇರಿದ್ದು ಮಾರ್ಚ್ 12ಕ್ಕೆ. ನನ್ನ ಹತ್ತಿರ ಬಂದು, ಕಾಗದ ಪತ್ರ ಜೋಡಿಸಿ, ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಕೋರ್ಟಿನಲ್ಲಿ ಅಪೀಲು ಹಾಕಿದ್ದು ಏಪ್ರಿಲ್ 25ಕ್ಕೆ.

ಮೊದಲ ದಿನವೇ ಎದುರು ವಕೀಲರು ಎದ್ದು ನಿಂತರು. "ಸ್ವಾಮಿ, ಕರ್ನಾಟಕ ಭೂ ಕಂದಾಯ ಕಾಯ್ದೆ 1964, ಕಲಂ 136(2). ಆದೇಶದ ದಿನಾಂಕದಿಂದ 60 ದಿನ. ಇಲ್ಲಿ 107 ದಿನ ಆಗಿದೆ. ಕಾಲಮಿತಿ ಮೀರಿದೆ." ಕೈಯಲ್ಲಿ ಹಿಡಿದಿದ್ದು ನನ್ನ ಮೇಜಿನ ಮೇಲಿದ್ದದ್ದೇ ಪುಸ್ತಕ. ತೆರೆದು ನೋಡಿದೆ. ನಿಜ, ಹಾಗೇ ಅಚ್ಚಾಗಿತ್ತು. ಒಂದು ವಾರ ಸಮಯ ಕೇಳಿ ಹೊರಗೆ ಬಂದೆ.

ಆವತ್ತು ಸಂಜೆ ಇಂಗ್ಲಿಷ್ ಪಠ್ಯ ತೆಗೆದೆ. ಅಲ್ಲಿ ಇದ್ದದ್ದೇ ಬೇರೆ. ಆದೇಶವನ್ನು ತಿಳಿಸಿದ ದಿನದಿಂದ, ಅಥವಾ ದೃಢೀಕರಿಸಿದ ನಮೂದು ಗೊತ್ತಾದ ದಿನದಿಂದ, 60 ದಿನ. ಆ 'ತಿಳಿಸಿದ' ಅನ್ನುವ ಒಂದು ಮಾತು ಕನ್ನಡ ಪುಸ್ತಕದಲ್ಲಿ ಬಿಟ್ಟುಹೋಗಿತ್ತು. ಮಾರ್ಚ್ 12ರಿಂದ ಏಪ್ರಿಲ್ 25ಕ್ಕೆ 44 ದಿನ. ಅಂದರೆ ಅಪೀಲು ಅವಧಿಯೊಳಗೇ ಇದೆ.

ಇಂಗ್ಲಿಷ್ ಪ್ರತಿ ಕೈಗೆ ಸಿಕ್ಕ ಖುಷಿಯಲ್ಲಿ ಓಡಿಹೋಗಲಿಲ್ಲ. ಎರಡು ಪಠ್ಯ ಬೇರೆ ಬೇರೆ ಹೇಳಿದರೆ ಅದು ಯಾವಾಗಲೂ ಅನುವಾದದ ತಪ್ಪೇ ಆಗಿರುವುದಿಲ್ಲ. ಎಷ್ಟೋ ಸಲ ಒಂದು ಪುಸ್ತಕ ತಿದ್ದುಪಡಿಗೆ ಮುಂಚಿನದು, ಇನ್ನೊಂದು ಆಮೇಲಿನದು. ಆಗ ಜಗಳ ಕನ್ನಡಕ್ಕೂ ಇಂಗ್ಲಿಷಿಗೂ ಅಲ್ಲ, ಹಳೆಯದಕ್ಕೂ ಹೊಸದಕ್ಕೂ. ಹಾಗಾಗಿ ಆ ಉಪಕಲಮಿನ ತಿದ್ದುಪಡಿಯ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ನೋಡಿದೆ. ಇಲ್ಲಿ ಆ ಸಮಸ್ಯೆ ಇರಲಿಲ್ಲ.

ಆಮೇಲೆ ಕೇಳಿಕೊಂಡ ಪ್ರಶ್ನೆ: ಈ ಕನ್ನಡ ಯಾರ ಕನ್ನಡ? ಪುಸ್ತಕದ ಮೊದಲ ಪುಟಗಳನ್ನು ತಿರುವಿದೆ. ಖಾಸಗಿ ಪ್ರಕಾಶಕರದ್ದು. ರಾಜ್ಯಪತ್ರದ ಅಧಿಸೂಚನೆಯ ಉಲ್ಲೇಖ ಎಲ್ಲೂ ಇಲ್ಲ. ಯಾರೋ ಕೂತು ಓದುವವರಿಗೆ ಅನುಕೂಲವಾಗಲಿ ಅಂತ ಮಾಡಿದ ಅನುವಾದ, ಅಷ್ಟೆ. ಕಾನೂನಿನ ಕಣ್ಣಿನಲ್ಲಿ ಅದಕ್ಕೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಟಿಪ್ಪಣಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ dpal.karnataka.gov.in ತಾಣದಲ್ಲಿ ಕಾಯ್ದೆಗಳು ಸಿಗುತ್ತವೆ. ನ್ಯಾಯಾಲಯಕ್ಕೆ ಕೊಡುವ ಪ್ರತಿಯನ್ನು ಅಲ್ಲಿಂದಲೇ ತೆಗೆದೆ, ಖಾಸಗಿ ಪುಸ್ತಕದಿಂದ ಅಲ್ಲ.

ಮುಂದಿನ ವಿಚಾರಣೆಗೆ ಒಂದು ಪುಟದ ಮೆಮೊ ಬರೆದೆ. ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ಪುಸ್ತಕದ ಕನ್ನಡ ವಾಕ್ಯ, ಬಿಟ್ಟುಹೋದ ಮಾತಿನ ಕೆಳಗೆ ಗೆರೆ. ಕೆಳಗೆ ಸಂವಿಧಾನದ 348(1)(ಬಿ) ಅನುಚ್ಛೇದ. ಸಂಸತ್ತು ಬೇರೆ ಏರ್ಪಾಡು ಮಾಡುವ ತನಕ ಕಾಯ್ದೆ, ಅಧ್ಯಾದೇಶ, ನಿಯಮ ಇವೆಲ್ಲದರ ಅಧಿಕೃತ ಪಠ್ಯ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತದೆ ಅದು. ಭೂ ಕಂದಾಯ ಕಾಯ್ದೆ ಮೂಲತಃ ಇಂಗ್ಲಿಷಿನಲ್ಲೇ ಆದದ್ದು. ಜೊತೆಗೆ ವಿಳಂಬ ಮನ್ನಾ ಅರ್ಜಿಯನ್ನೂ ಹಾಕಿಟ್ಟೆ. ವಾದ ಬಿದ್ದರೆ ಕಕ್ಷಿದಾರರು ಬೀದಿಗೆ ಬೀಳಬಾರದಲ್ವಾ?

ಎಸಿ ಸಾಹೇಬರು ಮೆಮೊ ಓದಿ ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು. "ಇಲ್ಲಿ ಕಡತವೆಲ್ಲ ಕನ್ನಡದಲ್ಲಿದೆ, ನಾನು ಆದೇಶ ಬರೆಯುವುದೂ ಕನ್ನಡದಲ್ಲಿ. ಇಂಗ್ಲಿಷ್ ಪಠ್ಯ ಯಾಕೆ ಗೆಲ್ಲಬೇಕು?" ವ್ಯವಹಾರದ ಭಾಷೆ ಬೇರೆ, ಕಾಯ್ದೆಯ ಅಧಿಕೃತ ಪಠ್ಯದ ಭಾಷೆ ಬೇರೆ ಅಂತ ಹೇಳಿದೆ. ತಾವು ಕನ್ನಡದಲ್ಲಿ ಬರೆಯುವ ಆದೇಶ ಪೂರ್ತಿ ಊರ್ಜಿತ, ಆದರೆ ಯಾವ ನಿಯಮ ಅನ್ವಯಿಸಬೇಕು ಅನ್ನುವುದನ್ನು ಅಧಿಕೃತ ಪಠ್ಯವೇ ಹೇಳಬೇಕು ಎಂದೆ.

ಆಗ ಕೈಯಲ್ಲಿಟ್ಟುಕೊಂಡಿದ್ದ ತೀರ್ಪು ಕೊಟ್ಟೆ. ನಿತ್ಯಾನಂದ ಶರ್ಮಾ ವಿರುದ್ಧ ಬಿಹಾರ ರಾಜ್ಯ, ಸುಪ್ರೀಂ ಕೋರ್ಟ್, 1996. ಪರಿಶಿಷ್ಟ ಪಂಗಡಗಳ ಪಟ್ಟಿಯ ಇಂಗ್ಲಿಷ್ ಪಠ್ಯದಲ್ಲಿ 'ಲೋಹಾರಾ' ಎಂದಿತ್ತು. ಹಿಂದಿ ಅನುವಾದದಲ್ಲಿ ಅದು 'ಲೋಹಾರ್' ಆಗಿತ್ತು. ಒಂದು ದೀರ್ಘ ಸ್ವರ ಉದುರಿದ್ದಕ್ಕೆ ಬೇರೊಂದು ಸಮುದಾಯವೇ ಪಟ್ಟಿಯೊಳಗೆ ಬಂದಂತೆ ಕಾಣುತ್ತಿತ್ತು. 348ನೇ ಅನುಚ್ಛೇದದ ಪ್ರಕಾರ ಇಂಗ್ಲಿಷ್ ಪಠ್ಯವೇ ನಿಲ್ಲುತ್ತದೆ ಎಂದು ಕೋರ್ಟ್ ಹೇಳಿತು. ನೆನಪಿಡಿ, ಅಲ್ಲಿದ್ದದ್ದು ಖಾಸಗಿ ಪುಸ್ತಕ ಅಲ್ಲ. ಅಂಥ ಅನುವಾದವೇ ನಿಲ್ಲಲಿಲ್ಲ ಎಂದ ಮೇಲೆ ನಮ್ಮ ಪುಸ್ತಕದ ಪಾಡೇನು?

ಎದುರು ವಕೀಲರು ಸುಮ್ಮನಿರಲಿಲ್ಲ. ಕೇಂದ್ರದ 1973ರ ಅಧಿಕೃತ ಪಠ್ಯಗಳ ಕಾಯ್ದೆಯನ್ನು ತೆಗೆದರು. ಪ್ರಾದೇಶಿಕ ಭಾಷೆಯ ಅನುವಾದವೂ ಅಧಿಕೃತ ಅಂತ ಅಲ್ಲೇ ಬರೆದಿದೆಯಲ್ಲ ಎಂದರು. ಬರೆದಿದೆ ನಿಜ. ಆದರೆ ಅದು ಕೇಂದ್ರ ಕಾನೂನುಗಳಿಗೆ ಮಾತ್ರ, ಅದೂ ರಾಷ್ಟ್ರಪತಿಯವರ ಅಧಿಕಾರದಡಿ ಗೆಜೆಟ್‌ನಲ್ಲಿ ಪ್ರಕಟವಾದ ಅನುವಾದಕ್ಕೆ. ನಮ್ಮದು ರಾಜ್ಯದ ಕಾಯ್ದೆ. ಅಲ್ಲದೆ, ಆ ಅನುವಾದ 'ಆ ಭಾಷೆಯಲ್ಲಿ' ಅಧಿಕೃತ ಎನ್ನುತ್ತದೆಯೇ ಹೊರತು ಇಂಗ್ಲಿಷನ್ನು ಪಕ್ಕಕ್ಕೆ ಸರಿಸುತ್ತದೆ ಎನ್ನುವುದಿಲ್ಲ.

ಅಪೀಲು ಅವಧಿಯೊಳಗಿದೆ ಎಂದು ಆದೇಶವಾಯಿತು. ವಿಳಂಬ ಮನ್ನಾ ಅರ್ಜಿಯ ಅಗತ್ಯವೇ ಬೀಳಲಿಲ್ಲ.

ಇಷ್ಟೇ ಆಗಿದ್ದರೆ ಇಂಗ್ಲಿಷ್ ನೋಡಿ ಸಾಕು ಅಂತ ಮುಗಿಸಿಬಿಡಬಹುದಿತ್ತು. ಆಮೇಲೆ ಇನ್ನೊಂದು ಪ್ರಕರಣದಲ್ಲಿ ಈಚಿನ ಒಂದು ರಾಜ್ಯ ತಿದ್ದುಪಡಿ ಕಾಯ್ದೆ ತೆಗೆದಾಗ ನನ್ನ ಲೆಕ್ಕ ಸ್ವಲ್ಪ ತಲೆಕೆಳಗಾಯಿತು. ಇಂಗ್ಲಿಷ್ ಪಠ್ಯದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇತ್ತು. ಮೇಲಿನದು ಇಂಥ ಕನ್ನಡ ಅಧಿನಿಯಮದ ಅನುವಾದ, 348ನೇ ಅನುಚ್ಛೇದದ (3)ನೇ ಖಂಡದಡಿ ರಾಜ್ಯಪತ್ರದಲ್ಲಿ ಪ್ರಕಟಿಸತಕ್ಕದ್ದು ಎಂಬ ಅರ್ಥದ ಸಾಲು. ಅಂದರೆ ಸದನ ಒಪ್ಪಿದ ಮೂಲ ಕನ್ನಡ. ಇಂಗ್ಲಿಷೇ ಅನುವಾದ! ಆದರೂ ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಆ ಅನುವಾದವನ್ನು ಇಂಗ್ಲಿಷಿನ ಅಧಿಕೃತ ಪಠ್ಯ ಎಂದು ಪರಿಗಣಿಸಬೇಕು ಎನ್ನುತ್ತದೆ ಸಂವಿಧಾನ.

ಇಂಥ ಕಾಯ್ದೆಯಲ್ಲಿ ನಾನು ವಾದ ಕಟ್ಟುವ ರೀತಿಯೇ ಬೇರೆ. ಇಂಗ್ಲಿಷ್ ವಾಕ್ಯ ಸ್ಪಷ್ಟವಾಗಿದ್ದರೆ ಅದರ ಎದುರು ಕನ್ನಡ ಹಿಡಿದು ನಿಲ್ಲುವುದು ಕಷ್ಟ, ಕಕ್ಷಿದಾರರಿಗೂ ಹಾಗೇ ಹೇಳುತ್ತೇನೆ. ಇಂಗ್ಲಿಷ್ ವಾಕ್ಯಕ್ಕೆ ಎರಡು ಅರ್ಥ ಬರುತ್ತಿದ್ದರೆ ಮಾತ್ರ, ಸದನ ಒಪ್ಪಿದ್ದು ಈ ಮಾತನ್ನು ಎಂದು ಕನ್ನಡ ಮೂಲ ತೋರಿಸುತ್ತೇನೆ. ಜಾಸ್ತಿ ಗೊಂದಲ ಬರುವುದು 'ತಕ್ಕದ್ದು' ಮತ್ತು 'ಬಹುದು' ಇರುವ ಕಡೆ. 'ಕೊಡತಕ್ಕದ್ದು' ಎಂದರೆ ಅಧಿಕಾರಿಗೆ ಬೇರೆ ದಾರಿಯಿಲ್ಲ, 'ಕೊಡಬಹುದು' ಎಂದರೆ ಅವರ ವಿವೇಚನೆ. ಇನ್ನೊಂದು ತೊಡಕು ವಾಕ್ಯರಚನೆಯದು. ಕನ್ನಡದಲ್ಲಿ ವಿಶೇಷಣವೆಲ್ಲ ನಾಮಪದದ ಮುಂಚೆ ಬರುತ್ತದೆ. 'ನೋಂದಾಯಿತ ಸಂಘ ಅಥವಾ ಸಂಸ್ಥೆ' ಎಂದರೆ ಸಂಸ್ಥೆಯೂ ನೋಂದಣಿ ಆಗಿರಬೇಕೋ, ಸಂಘ ಮಾತ್ರವೋ? ಇಂಥ ಕಡೆ ಎರಡೂ ಪಠ್ಯ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದರೇನೇ ಬಿಡಿಸಿಕೊಳ್ಳಲು ಆಗುವುದು.

ಈಗ ಯಾವುದೇ ರಾಜ್ಯ ಕಾಯ್ದೆ ಕೈಗೆ ಬಂದರೆ ಮೊದಲು ಕೊನೆಯ ಪುಟ ತಿರುಗಿಸುತ್ತೇನೆ, ಆ ಸಣ್ಣ ಅಕ್ಷರದ ಸಾಲು ಇದೆಯಾ ಅಂತ. ಹಳೆಯ ಪುಸ್ತಕ ಮೇಜಿನ ಮೇಲೆ ಇನ್ನೂ ಇದೆ. ಕಲಂ 136ರ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 'ತಿಳಿಸಿದ' ಅಂತ ಬರೆದಿಟ್ಟಿದ್ದೇನೆ. ಮೊನ್ನೆ ನನ್ನ ಜೂನಿಯರ್ ಹುಡುಗಿ ಅದನ್ನು ನೋಡಿ, "ಸರ್, ಇದು ತಿದ್ದುಪಡಿನಾ?" ಎಂದು ಕೇಳಿದಳು.